ಗುರುವಾರ ಸಂಜೆಯ ಎಪ್ಪತ್ತು ಅಕ್ಷರ

ನವೆಂಬರ್‌ನ ಒಂದು ಭಾನುವಾರ, ಬೆಳಿಗ್ಗೆ 10ಕ್ಕೆ ಶಿವಮೊಗ್ಗದಲ್ಲಿ ಜೇನು ಸಾಕಣೆಯ ಒಂದು ದಿನದ ತರಬೇತಿ. ಹೆಸರು ಬರೆಸಿದವರು 60 ಮಂದಿ. ಅರ್ಧಕ್ಕರ್ಧ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು. ಇವರಿಗೆಲ್ಲ ತರಬೇತಿಯನ್ನು ನೆನಪಿಸುವ ಸಂದೇಶಗಳನ್ನು ಯಾವಾಗ, ಹೇಗೆ ಕಳಿಸಬೇಕು ಎಂಬುದು ಇಲ್ಲಿನ ಮಾತು. ಹೆಸರು ಬರೆಸಿಯೂ ಬಾರದವರೆಲ್ಲ ಮರೆತವರಲ್ಲ. ಅದು ಅಡಿಕೆ ಕೊಯ್ಲಿನ ಕಾಲ. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಸಿಗುವುದೇ ಕಷ್ಟ, ಅವನು ಭಾನುವಾರ ಬರುತ್ತೇನೆಂದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ 'ನಾನು ಬರುತ್ತಿಲ್ಲ' ಎಂದು ಹೇಳಲು ಸಂಕೋಚ, ಹೇಳುವ ದಾರಿಯೂ ಗೊತ್ತಿಲ್ಲ. ಹಾಗಾಗಿ ಸುಮ್ಮನಾಗುತ್ತಾರೆ. ಇತ್ತ ಕಾಯುವ ಪಟ್ಟಿಯಲ್ಲಿದ್ದವರಿಗೂ ಜಾಗ ಸಿಗುವುದಿಲ್ಲ.

ಆದ್ದರಿಂದ ಎಲ್ಲಕ್ಕಿಂತ ಮುಖ್ಯವಾದ ಸಂದೇಶ ಗುರುವಾರ ಸಂಜೆ 7ರ ಹೊತ್ತಿನದು. ತೋಟದಿಂದ ಮನೆಗೆ ಬಂದಿರುತ್ತಾರೆ, ಫೋನು ಕೈಯಲ್ಲಿರುತ್ತದೆ, ಭಾನುವಾರಕ್ಕೆ ಏನೇನು ಕೆಲಸ ಎಂಬುದೂ ಹೆಚ್ಚುಕಡಿಮೆ ಗೊತ್ತಾಗಿರುತ್ತದೆ. ಬರುವುದಿಲ್ಲವೆಂದು ಏಳು ಜನ ಹೇಳಿದರೆ ಶುಕ್ರವಾರ ಕಾಯುವ ಪಟ್ಟಿಯ ಏಳು ಜನರಿಗೆ ಫೋನ್ ಮಾಡಬಹುದು. ಅಡುಗೆಯವರಿಗೆ ಎಲೆಯ ಲೆಕ್ಕವನ್ನೂ ಅಂದೇ ಕೊಡಬಹುದು.

ಈ ಸಂದೇಶವನ್ನು ಸ್ವಂತ ಸಿಮ್‌ನಿಂದ ಕಳಿಸುವುದೇ ಮೇಲು. ಕಂಪನಿಗಳ ಮೂಲಕ ರಾಶಿಯಲ್ಲಿ ಹೋಗುವ ಸಂದೇಶಗಳಲ್ಲಿ ಕಳಿಸಿದವರ ಜಾಗದಲ್ಲಿ ನಂಬರಿನ ಬದಲು ಇಂಗ್ಲಿಷ್ ಅಕ್ಷರಗಳಿರುತ್ತವೆ. ಅದಕ್ಕೆ ಉತ್ತರ ಬರೆಯಲೂ ಆಗದು, ತಿರುಗಿ ಕರೆ ಮಾಡಲೂ ಆಗದು. 'ಬರದಿದ್ದರೆ ತಿಳಿಸಿ' ಎಂದು ಬರೆದು ತಿಳಿಸುವ ದಾರಿಯನ್ನೇ ಮುಚ್ಚಿದಂತೆ.

ಸ್ವಂತ ಸಿಮ್‌ನಲ್ಲಿ ಒಂದು ತೊಡಕಿದೆ. ಹೆಚ್ಚಿನ ರೀಚಾರ್ಜ್‌ಗಳಲ್ಲಿ ದಿನಕ್ಕೆ 100 ಎಸ್ಸೆಮ್ಮೆಸ್ ಮಾತ್ರ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ ಹಿಡಿಸಿದರೆ ಕನ್ನಡದಲ್ಲಿ 70 ಅಷ್ಟೆ. ಅದಕ್ಕಿಂತ ಒಂದು ಹೆಚ್ಚಾದರೂ ಎರಡು ಎಸ್ಸೆಮ್ಮೆಸ್ ಲೆಕ್ಕ. ಅರವತ್ತು ಜನಕ್ಕೆ 120 ಆಯಿತು, ಕೊನೆಯ ಹತ್ತು ಜನಕ್ಕೆ ಉಚಿತ ಲೆಕ್ಕದಲ್ಲಿ ಹೋಗುವುದಿಲ್ಲ. ಆ 70ರಲ್ಲಿ ಗುಣಿತದ ಚಿಹ್ನೆಯೂ ಒತ್ತಿನ ಚಿಹ್ನೆಯೂ ಬೇರೆ ಬೇರೆ ಎಣಿಕೆಯಾಗುತ್ತವೆ. 'ಶಿವಮೊಗ್ಗ' ನಮ್ಮ ಕಣ್ಣಿಗೆ ನಾಲ್ಕಕ್ಷರ, ಫೋನಿಗೆ ಎಂಟು. 'ಮಾನ್ಯರೇ, ತಾವು ನೋಂದಾಯಿಸಿಕೊಂಡಿರುವ' ಎಂದು ಶುರುಮಾಡಿದರೆ ವಿಷಯಕ್ಕೆ ಬರುವ ಮೊದಲೇ 31 ಖರ್ಚು. ಆದ್ದರಿಂದ ಹೀಗೆ ಬರೆಯಬೇಕು:

ಭಾನು 10ಕ್ಕೆ ಜೇನು ತರಬೇತಿ, ಶಿವಮೊಗ್ಗ. ಬರಲಾಗದಿದ್ದರೆ ಮಿಸ್ಡ್ ಕಾಲ್ ಕೊಡಿ

ಇದು 64. ಬರುವವರು ಏನೂ ಮಾಡಬೇಕಿಲ್ಲ, ಬಾರದವರು ಒಂದು ರಿಂಗ್ ಕೊಟ್ಟರಾಯಿತು, ಕಾರಣ ಹೇಳುವ ಮುಜುಗರವಿಲ್ಲ. 'ಬರುವವರು ಕರೆ ಮಾಡಿ' ಎಂದು ತಿರುಗಿಸಿ ಬರೆದರೆ ಕೆಡುತ್ತದೆ. ಬರುವವರಲ್ಲೂ ಎಷ್ಟೋ ಜನ 'ಹೆಸರು ಕೊಟ್ಟಾಗಿದೆಯಲ್ಲ' ಎಂದು ಸುಮ್ಮನಿರುತ್ತಾರೆ.

ಎರಡನೆಯದು ಶನಿವಾರ ಸಂಜೆ 7ಕ್ಕೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಕಳಿಸಿದರೆ ಶಿವಮೊಗ್ಗ ಪೇಟೆಯವರಿಗೆ ಸರಿಹೋದೀತು. ತೀರ್ಥಹಳ್ಳಿಯಿಂದಲೇ ಸುಮಾರು 60 ಕಿಲೋಮೀಟರ್, ಅದರಾಚೆಯ ಹಳ್ಳಿಯಿಂದ ಬರುವವರು ಅಷ್ಟು ಹೊತ್ತಿಗೆ ಮನೆ ಬಿಡಬೇಕು. ಶನಿವಾರದ್ದು ಹೀಗಿರಲಿ:

ಭಾನು 10ಕ್ಕೆ ಜೇನು ತರಬೇತಿ. ನಿಮಗೂ ಊಟ ಹೇಳಿದ್ದೇವೆ. ಯಾವ ಬಸ್ಸಿಗೆ ಬರುತ್ತೀರಿ?

ಇದು 68. ಯಾವ ಬಸ್ಸು ಎಂದು ಕೇಳಿದಾಗ ಉತ್ತರ ಬರೆಯದವರೂ ಮನಸ್ಸಿನಲ್ಲೇ ಬಸ್ಸಿನ ಹೊತ್ತನ್ನು ಗೊತ್ತುಮಾಡಿಕೊಳ್ಳುತ್ತಾರೆ. ಊಟದ ಮಾತು ತಮ್ಮ ಪಾಲಿನದು ಕಾದಿದೆ ಎಂದು ತಿಳಿಸುತ್ತದೆ. ಲಂಡನ್ನಿನ ಆಸ್ಪತ್ರೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಬಾರದಿದ್ದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಸುಮಾರು 160 ಪೌಂಡ್ ನಷ್ಟ ಎಂದು ಸಂದೇಶದಲ್ಲೇ ಬರೆದಾಗ ತಪ್ಪಿಸಿಕೊಳ್ಳುವ ರೋಗಿಗಳು ನೂರಕ್ಕೆ 11.1ರಿಂದ 8.4ಕ್ಕೆ ಇಳಿದರು. ನಮ್ಮ ಕಡೆ ದುಡ್ಡಿನ ಲೆಕ್ಕಕ್ಕಿಂತ ಎಲೆಯ ಲೆಕ್ಕ ಹೇಳುವುದು ಸೌಜನ್ಯ. 'ಕಳೆದ ಸಲ ತುಂಬಾ ಜನ ಬರಲಿಲ್ಲ' ಎಂದು ಮಾತ್ರ ಬರೆಯಲೇಬಾರದು, ಬಾರದಿರುವುದು ಮಾಮೂಲು ಎಂದು ನಾವೇ ಹೇಳಿಕೊಟ್ಟಂತಾಗುತ್ತದೆ.

ಎರಡರಲ್ಲೂ 'ನಾಳೆ', 'ನಾಡಿದ್ದು' ಎಂಬ ಪದಗಳಿಲ್ಲದಿರುವುದನ್ನು ಗಮನಿಸಿ. ಗುಡ್ಡದ ಸಂದಿಯ ಮನೆಗಳಲ್ಲಿ ಸಿಗ್ನಲ್ ಬರುವುದು ದಿಬ್ಬ ಹತ್ತಿದಾಗ, ಇಲ್ಲವೇ ಅಂಗಳದ ಒಂದು ಮೂಲೆಯಲ್ಲಿ. ಕರೆಂಟು ಹೋದರೆ ಟವರೂ ಮಲಗುತ್ತದೆ. ಶನಿವಾರ ಕಳಿಸಿದ್ದು ಭಾನುವಾರ ಮಧ್ಯಾಹ್ನ ತಲುಪಿದಾಗ ಅದರಲ್ಲಿ 'ನಾಳೆ 10ಕ್ಕೆ' ಎಂದಿದ್ದರೆ, ಓದಿದವರು ಸೋಮವಾರ ಬಸ್ಸು ಹತ್ತಿ ಬಂದು ಬೀಗ ನೋಡಬೇಕಾಗುತ್ತದೆ. ಮೆಸೇಜ್ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಡೆಲಿವರಿ ರಿಪೋರ್ಟ್ ಆನ್ ಮಾಡಿಟ್ಟರೆ ತಲುಪದವರು ಯಾರೆಂದು ಕಾಣುತ್ತದೆ. ಗುರುವಾರದ್ದು ಶುಕ್ರವಾರ ಬೆಳಿಗ್ಗೆಯವರೆಗೂ ತಲುಪದಿದ್ದರೆ ಮನೆಯ ಇನ್ನೊಂದು ನಂಬರಿಗೆ ಕರೆ ಮಾಡಬೇಕು. ಅದಕ್ಕೇ ಹೆಸರು ಬರೆಸುವಾಗ ಎರಡು ನಂಬರ್ ಕೇಳಿರಬೇಕು.

ಇಮೇಲ್ ಒಂದು ವಾರ ಮೊದಲು, ಒಂದೇ ಸಲ ಸಾಕು. ನಕ್ಷೆ, ದಿನದ ಕಾರ್ಯಕ್ರಮ, ತರಬೇಕಾದ ವಸ್ತುಗಳು ಅದರಲ್ಲಿರಲಿ. ವಿಷಯದ ಸಾಲು ದಿನಾಂಕದಿಂದಲೇ ಶುರುವಾಗಲಿ, ಯಾಕೆಂದರೆ ಫೋನಿನ ಪರದೆಯಲ್ಲಿ ಆ ಸಾಲಿನ ಬಾಲ ಕಾಣುವುದಿಲ್ಲ.