ಎಲ್ಲಿಗೂ ಹೋಗದ ಹಣ

ಕಳೆದ ಭಾನುವಾರ ಬೆಂಗಳೂರಿನ ವಿಜಯನಗರದಲ್ಲಿ ಮಗಳಿಗೊಂದು ಬಾಡಿಗೆ ಮನೆ ಗೊತ್ತುಮಾಡಿ ದಾವಣಗೆರೆಗೆ ಮರಳಿದ್ದೇನೆ. ಮನೆಯೊಡತಿ ಆಡಿದ ಒಂದು ಮಾತು ಮಾತ್ರ ಇನ್ನೂ ಕಿವಿಯಿಂದ ಇಳಿದಿಲ್ಲ. ಅಡ್ವಾನ್ಸ್ ಸ್ವಲ್ಪ ಕಡಿಮೆ ಮಾಡಿಕೊಳ್ಳಿ ಎಂದು ನಾನು ಮೂರನೆಯ ಬಾರಿ ಕೇಳಿದಾಗ ಅವರು ನಕ್ಕು, "ಅದು ಖರ್ಚಲ್ಲ ಸರ್. ಎಲ್ಲಿಗೂ ಹೋಗಲ್ಲ, ನಮ್ಮ ಹತ್ರಾನೇ ಇರುತ್ತೆ" ಎಂದರು. ಸಮಾಧಾನ ಹೇಳುವುದೇ ಅವರ ಉದ್ದೇಶವಾಗಿತ್ತು. ಆದರೆ ನಮ್ಮ ತೊಂದರೆ ಏನೆಂಬುದು ಆ ಮಾತಿನಲ್ಲೇ ಇತ್ತು.

ಹೊರಡುವ ಮೊದಲು ನಾನು ಒಂದು ಹಾಳೆಯ ಮೇಲೆ ತೊಂಬತ್ತು ಸಾವಿರದ ಲೆಕ್ಕ ಬರೆದುಕೊಂಡಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನ ಆ ಲೆಕ್ಕ ಮೊದಲ ದಿನವೇ ತಲೆಕೆಳಗಾಯಿತು. ಬಾಡಿಗೆ 16,000 ರೂಪಾಯಿ, ಮೇಂಟೆನೆನ್ಸ್ 1,500. ಆರು ತಿಂಗಳ ಅಡ್ವಾನ್ಸ್ ಕೇಳಿದವರು ಬಹಳ ಹೊತ್ತಿನ ಮಾತುಕತೆಯ ನಂತರ ಐದು ತಿಂಗಳಿಗೆ, ಅಂದರೆ 80,000ಕ್ಕೆ ಒಪ್ಪಿದರು. ಮನೆ ತೋರಿಸಿದ ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. ಇಪ್ಪತ್ತು ನಿಮಿಷ ನಮ್ಮೊಂದಿಗೆ ಮೆಟ್ಟಿಲು ಹತ್ತಿಳಿದ ಆ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ, ಆತನ ಆತ್ಮವಿಶ್ವಾಸದ ಮೇಲೆ ಅಸೂಯೆಯಿದೆ. ಮೊದಲ ತಿಂಗಳ ಬಾಡಿಗೆ ಮತ್ತು ಮೇಂಟೆನೆನ್ಸ್, ಸಾಮಾನಿನ ಗಾಡಿಗೆ 9,000, ಒಲೆ, ಮಂಚ, ಬಕೆಟ್ಟು, ಪರದೆ ಮುಂತಾದವಕ್ಕೆ 21,500 ಸೇರಿ ಒಟ್ಟು 1,44,000 ರೂಪಾಯಿ ಆಯಿತು.

ಇದಕ್ಕಿಂತ ದೊಡ್ಡ ತಪ್ಪು ಸಂಬಳದ ಲೆಕ್ಕದಲ್ಲಿ ಆಗಿತ್ತು. ತಿಂಗಳ ಕೊನೆಗೆ ಸಂಬಳ ಬಂದೇ ಬರುತ್ತದೆಂದು ನಾನು ತಿಳಿದಿದ್ದೆ. ಮಗಳು ಕೆಲಸಕ್ಕೆ ಸೇರುವುದು 19ರಂದು. ಅವಳ ಕಚೇರಿಯಲ್ಲಿ ಆ ತಿಂಗಳ ಸಂಬಳಪಟ್ಟಿ 15ಕ್ಕೇ ಮುಗಿದುಹೋಗುತ್ತದೆ. ಆದ್ದರಿಂದ ಈ ಹನ್ನೆರಡು ದಿನಗಳ ಸಂಬಳ ಮುಂದಿನ ತಿಂಗಳ ಕೊನೆಗೆ ಬರುತ್ತದೆ. ಅಲ್ಲಿಯವರೆಗಿನ ನಲವತ್ತಕ್ಕೂ ಹೆಚ್ಚು ದಿನಗಳ ಊಟ, ಬಸ್ಸು, ಇತರೆ ಖರ್ಚಿಗೆಂದು ಇನ್ನೂ 20,000 ಸೇರಿಸಬೇಕಾಯಿತು. ಸ್ಥಳಾಂತರಕ್ಕೆಂದು ಕಂಪನಿ 30,000 ರೂಪಾಯಿಯವರೆಗೆ ಕೊಡುತ್ತದೆಂಬುದು ನಿಜ, ಆದರೆ ಅದು ಮೊದಲು ನಾವು ಖರ್ಚು ಮಾಡಿ ಬಿಲ್ಲು ಕೊಟ್ಟ ಮೇಲೆ, ಅದೂ ಗಾಡಿ ಮತ್ತು ಪ್ರಯಾಣಕ್ಕೆ ಮಾತ್ರ. ಅಡ್ವಾನ್ಸಿಗೂ ಬ್ರೋಕರ್‌ಗೂ ಅದರಿಂದ ಒಂದು ರೂಪಾಯಿಯೂ ಇಲ್ಲ. ನೇಮಕಪತ್ರ ಕೈಗೆ ಬಂದ ದಿನವೇ ಈ ಎರಡು ಪ್ರಶ್ನೆಗಳನ್ನು ಕಚೇರಿಗೆ ಬರೆದು ಕೇಳಿದ್ದರೆ ನಾನು ಊರಲ್ಲೇ ಹಣ ಹೊಂದಿಸಿಕೊಳ್ಳುತ್ತಿದ್ದೆ, ಬೆಂಗಳೂರಿನ ಫುಟ್‌ಪಾತಿನಲ್ಲಿ ನಿಂತು ಭಾವಮೈದುನನಿಗೆ ಫೋನು ಮಾಡುವ ಪ್ರಸಂಗ ಬರುತ್ತಿರಲಿಲ್ಲ.

"ಎಲ್ಲಿಗೂ ಹೋಗಲ್ಲ" ಎಂದವರು ಅದೇ ಉಸಿರಿನಲ್ಲಿ, ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದಾಗಿಯೂ ಹೇಳಿದ್ದರು. ಅಂದರೆ 80,000ದಲ್ಲಿ ಮರಳುವುದು 64,000. ಹನ್ನೊಂದು ತಿಂಗಳ ಕರಾರು ಮುಗಿದ ಕೂಡಲೇ ಮಗಳು ಮನೆ ಬಿಟ್ಟರೆ, ಪೇಂಟಿಂಗಿನ 16,000 ಮತ್ತು ಬ್ರೋಕರಿನ 16,000 ಸೇರಿ ತಿಂಗಳಿಗೆ ಸುಮಾರು 2,900 ರೂಪಾಯಿ ಬಾಡಿಗೆಗೆ ಕೂಡುತ್ತದೆ. ಹದಿನಾರು ಸಾವಿರದ ಮನೆಯ ನಿಜವಾದ ಬಾಡಿಗೆ ಹತ್ತೊಂಬತ್ತು ಸಾವಿರಕ್ಕೆ ಹತ್ತಿರ. ಅದೇ ಮನೆಯಲ್ಲಿ ಮೂರು ವರ್ಷ ಇದ್ದರೆ ಈ ಹೊರೆ ತಿಂಗಳಿಗೆ ಒಂಬೈನೂರಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಹೊಸ ಊರಿನಲ್ಲಿ ಕಚೇರಿಯ ದಾರಿ, ನೀರು, ನೆರೆಹೊರೆ ಯಾವುದೂ ತಿಳಿಯದೆ ಮೊದಲ ವಾರವೇ ಮನೆ ಹಿಡಿಯುವುದಕ್ಕಿಂತ ಒಂದು ತಿಂಗಳು ಪಿ.ಜಿ.ಯಲ್ಲಿ ಇರುವುದೇ ಅಗ್ಗವೆಂದು ಈಗ ಅನ್ನಿಸುತ್ತಿದೆ. ಇದನ್ನು ಮಗಳು ಮೊದಲೇ ಹೇಳಿದ್ದಳು, ಹುಡುಗಿ ಪಿ.ಜಿ.ಯಲ್ಲಿರುವುದು ಬೇಡವೆಂದು ಹಟ ಹಿಡಿದವನು ನಾನು.

2021ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದೆಂದಿದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿಯಷ್ಟೆ. ನಾನು ಅದರ ಮಾತೆತ್ತಿದಾಗ ಮನೆಯೊಡತಿ ನನಗೆ ಇನ್ನೊಂದು ಲೋಟ ಕಾಫಿ ಕೊಟ್ಟರು.

ನಾಳೆ ಇನ್ನೊಂದು ಮನೆಗೆ ಹೋಗಬೇಕಾದರೆ ಅಲ್ಲಿಯ ಅಡ್ವಾನ್ಸ್ ಕೊಟ್ಟ ಮೇಲೇ ಇಲ್ಲಿಯ ಬೀಗದ ಕೈ ಒಪ್ಪಿಸಲು ಸಾಧ್ಯ, ಬೀಗದ ಕೈ ಒಪ್ಪಿಸಿದ ಮೇಲೇ ಇಲ್ಲಿಯ ಹಣ. ಆ ಕೆಲವು ದಿನಗಳ ಮಟ್ಟಿಗೆ ಎರಡು ಅಡ್ವಾನ್ಸುಗಳ ಹಣ ಕೈಯಲ್ಲಿರಬೇಕು. ಆದ್ದರಿಂದಲೇ ಮಗಳು ಪ್ರತಿ ಕೋಣೆಯ ಗೋಡೆ, ನಲ್ಲಿ, ಕಿಟಕಿಗಳ ಫೋಟೋ ತೆಗೆದು ಅವರಿಗೇ ವಾಟ್ಸಾಪ್‌ನಲ್ಲಿ ಕಳಿಸಿದಳು. ಪೇಂಟಿಂಗಿನ 16,000 ಹೊರತು ಸಕಾರಣವಿಲ್ಲದೆ ಬೇರೆ ಕಡಿತವಿಲ್ಲ, ಬೀಗದ ಕೈ ಕೊಟ್ಟ ಏಳು ದಿನದೊಳಗೆ ಉಳಿದ ಹಣ ವಾಪಸು ಎಂಬ ಸಾಲನ್ನು ಕರಾರಿನಲ್ಲಿ ಸೇರಿಸಲು ಕೇಳಿದಳು.

"ನಮ್ಮ ಮೇಲೆ ನಂಬಿಕೆ ಇಲ್ವೇನಮ್ಮ?" ಎಂದರು ಅವರು.

"ಇದೆ ಆಂಟಿ. ಆ ಹೊತ್ತಿಗೆ ನಮ್ಮಿಬ್ಬರಿಗೂ ಮರೆತುಹೋಗಿರುತ್ತೆ, ಅದಕ್ಕೆ."

ಅವರು ಕನ್ನಡಕ ಹುಡುಕಿ ತಂದು, ಸಾಲನ್ನು ಎರಡು ಬಾರಿ ಓದಿ, ಪಕ್ಕದಲ್ಲಿ ಸಹಿ ಹಾಕಿದರು.