ತ್ರಿಜ್ಯ ಸಿಕ್ಕಿತು, ತುದಿಗಳು ಉಳಿದವು

“ಸರ್, ರೇಷಿಯೋ ಟೆಸ್ಟ್ ಹಾಕಿ ತ್ರಿಜ್ಯ ಕಂಡುಹಿಡಿದ ಮೇಲೂ ಎರಡು ತುದಿಗಳನ್ನು ಮತ್ತೆ ಬೇರೆಯಾಗಿ ಏಕೆ ನೋಡಬೇಕು? ಅದೇ ಟೆಸ್ಟ್ ಅಲ್ಲಿಗೂ ಸಾಲದೇ?”

ಸಾಲುವುದಿಲ್ಲ. ದಾವಣಗೆರೆಯಲ್ಲಿ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುವ ನಾನು ಇದಕ್ಕೆ ಪ್ರತಿ ವರ್ಷವೂ ಬೋರ್ಡಿನ ಮೇಲೆ ಒಂದೇ ಘಾತ ಶ್ರೇಣಿಯನ್ನು ಬರೆಯುತ್ತೇನೆ:

Σ (x − 2)ⁿ / (n·3ⁿ), n = 1, 2, 3, …

ಒಂದು ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿ, ಚಿಹ್ನೆಯನ್ನು ಬಿಟ್ಟರೆ ಉಳಿಯುವುದು (|x − 2|/3) · n/(n + 1). n ದೊಡ್ಡದಾದಂತೆ n/(n + 1) ಒಂದರ ಹತ್ತಿರ ಬರುತ್ತದೆ. ಹಾಗಾಗಿ ಅನುಪಾತದ ಮಿತಿ |x − 2|/3. ಇದು 1ಕ್ಕಿಂತ ಕಡಿಮೆ ಇರಬೇಕಾದರೆ |x − 2| < 3 ಆಗಬೇಕು. ಕೇಂದ್ರ 2, ತ್ರಿಜ್ಯ 3. −1 ಮತ್ತು 5ರ ನಡುವಿನ ಪ್ರತಿ x ಬೆಲೆಗೂ ಶ್ರೇಣಿ ಅಭಿಸರಿಸುತ್ತದೆ. ಅದರಾಚೆಗೆ ಪದಗಳೇ ಬೆಳೆಯುತ್ತಾ ಹೋಗುವುದರಿಂದ ಮೊತ್ತದ ಮಾತೇ ಇಲ್ಲ. ಇಲ್ಲಿಯವರೆಗೆ ಯಾರೂ ತಪ್ಪುವುದಿಲ್ಲ.

ಈಗ x = 5 ಎಂದಾಗ ಮಿತಿ ಎಷ್ಟೆಂದು ನೋಡಿ. ಸರಿಯಾಗಿ 1. x = −1 ಎಂದರೂ 1. ಇದು ಆಕಸ್ಮಿಕವಲ್ಲ, ಮಿತಿ 1 ಆಗುವ ಜಾಗಗಳನ್ನೇ ಹುಡುಕಿ ನಾವು ತುದಿ ಎಂದು ಕರೆದಿದ್ದೇವೆ. ರೇಷಿಯೋ ಟೆಸ್ಟ್ ನಮ್ಮ ಶ್ರೇಣಿಯನ್ನು ಗುಣೋತ್ತರ ಶ್ರೇಣಿಯ ಪಕ್ಕದಲ್ಲಿಟ್ಟು ಅಳೆಯುತ್ತದೆ, ಅಷ್ಟೆ. ಎಲ್ಲ ಪದಗಳೂ 1 ಆಗಿದ್ದರೆ ಅನುಪಾತ 1. ಪದ 1/n ಆಗಿದ್ದರೂ, 1/n² ಆಗಿದ್ದರೂ ಅನುಪಾತದ ಮಿತಿ 1. ಈ ಮೂರರಲ್ಲಿ ಕೊನೆಯದು ಮಾತ್ರ ಅಭಿಸರಿಸುತ್ತದೆ. ಅಷ್ಟು ಸೂಕ್ಷ್ಮವಾದ ವ್ಯತ್ಯಾಸ ಆ ತಕ್ಕಡಿಯಲ್ಲಿ ತೂಗುವುದಿಲ್ಲ.

ಹಾಗಾಗಿ ತುದಿಯ ಬೆಲೆಯನ್ನು ಮೂಲ ಶ್ರೇಣಿಯಲ್ಲೇ ಹಾಕಬೇಕು. x = 5 ಎಂದರೆ 3ⁿ ಹೊಡೆದುಹೋಗಿ Σ 1/n ಉಳಿಯುತ್ತದೆ. ಉತ್ತರ ಪತ್ರಿಕೆಗಳಲ್ಲಿ ನಾನು ಹೆಚ್ಚು ಕೆಂಪು ಗೆರೆ ಎಳೆಯುವುದು ಇಲ್ಲಿಯೇ: “ಪದಗಳು ಸೊನ್ನೆಗೆ ಹೋಗುತ್ತವೆ, ಆದ್ದರಿಂದ ಅಭಿಸರಿಸುತ್ತದೆ.” ಚಿತ್ರದುರ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಒಮ್ಮೆ ಇದನ್ನು ಸಾಧಿಸಿಯೇ ತೀರುತ್ತೇನೆಂದು ಹೊರಟ. ಭರಮಸಾಗರ ದಾಟುವ ಹೊತ್ತಿಗೆ ಮೊಬೈಲಿನಲ್ಲಿ ಹತ್ತು ಲಕ್ಷ ಪದಗಳನ್ನು ಕೂಡಿಸಿ ಮುಗಿಸಿದ್ದನಂತೆ. “14.39ಕ್ಕೆ ಬಂದು ನಿಂತಿದೆ ಸರ್” ಎಂದ. ನಿಂತಿರಲಿಲ್ಲ, ತೆವಳುತ್ತಿತ್ತು. 1/3 + 1/4 ಎಂಬುದು 1/2ಕ್ಕಿಂತ ಹೆಚ್ಚು. 1/5ರಿಂದ 1/8ರವರೆಗಿನ ನಾಲ್ಕು ಪದಗಳೂ ಸೇರಿ 1/2ಕ್ಕಿಂತ ಹೆಚ್ಚು. ಮುಂದಿನ ಎಂಟು ಪದಗಳೂ ಹಾಗೆಯೇ. ಪದಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಅರ್ಧಕ್ಕಿಂತ ಹೆಚ್ಚು ಸೇರುತ್ತಲೇ ಇದ್ದರೆ ಮೊತ್ತ ಎಲ್ಲಿ ನಿಲ್ಲಬೇಕು? 14ನೇ ಶತಮಾನದಲ್ಲಿ ಫ್ರಾನ್ಸಿನ ನಿಕೋಲ್ ಒರೆಮ್ ಕೊಟ್ಟ ಈ ವಾದಕ್ಕೆ ಮೊಬೈಲ್ ಬೇಕಿಲ್ಲ. x = 5 ಹೊರಗೆ.

x = −1 ಹಾಕಿದರೆ (−3)ⁿ/3ⁿ ಬಂದು Σ (−1)ⁿ/n ಆಗುತ್ತದೆ. ಭಾಗಶಃ ಮೊತ್ತಗಳನ್ನು ಕೈಯಲ್ಲೇ ಬರೆದು ನೋಡಿ: −1, −0.5, −0.833, −0.583. ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಪ್ರತಿ ಸಲವೂ ಜೀಕು ಚಿಕ್ಕದಾಗುತ್ತದೆ. ಚಿಹ್ನೆ ಬದಲಾಗುತ್ತಾ, ಪದದ ಗಾತ್ರ ಇಳಿಯುತ್ತಾ ಸೊನ್ನೆಗೆ ಹೋದರೆ ಅಭಿಸರಣ ಖಚಿತ ಎಂಬುದು ಲೈಬ್ನಿಟ್ಸ್ ಪರೀಕ್ಷೆ. ಈ ಮೊತ್ತ −ln 2ರಲ್ಲಿ, ಅಂದರೆ ಸುಮಾರು −0.693ರಲ್ಲಿ ನೆಲೆ ನಿಲ್ಲುತ್ತದೆ. x = −1 ಒಳಗೆ. ಉತ್ತರ: −1 ≤ x < 5.

ಛೇದದ n ಅನ್ನು n² ಮಾಡಿದರೆ ತ್ರಿಜ್ಯ 3 ಆಗಿಯೇ ಇರುತ್ತದೆ, ಆದರೆ ಎರಡೂ ತುದಿಗಳು ಒಳಗೆ ಬರುತ್ತವೆ. n ಅನ್ನು ತೆಗೆದೇಬಿಟ್ಟರೆ ಎರಡೂ ಹೊರಗೆ. ತ್ರಿಜ್ಯ ನೋಡಿ ತುದಿಯನ್ನು ಊಹಿಸಲಾಗದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರಶ್ನೆಯಲ್ಲಿ ಇಲ್ಲದ ಒಂದು ಮಾತು, ಅಂಕ ಹೋಗುವ ಜಾಗವಾದ್ದರಿಂದ ಹೇಳುತ್ತೇನೆ. Σ (2x − 1)ⁿ/n ಕೊಟ್ಟಾಗ |2x − 1| < 1 ಎಂದು ಸರಿಯಾಗಿಯೇ ಬರೆದು, ತ್ರಿಜ್ಯ 1 ಎಂದು ಮುಗಿಸುವವರು ಬಹಳ. 2 ಅನ್ನು ಹೊರಗೆ ತೆಗೆಯಿರಿ: |x − 1/2| < 1/2. ತ್ರಿಜ್ಯ 1/2, ಅಂತರ 0 ≤ x < 1. ಅನುಮಾನ ಬಂದರೆ ಅಂತರದ ಉದ್ದವನ್ನು ಅಳೆಯಿರಿ; ತ್ರಿಜ್ಯ ಅದರ ಅರ್ಧವಾಗಿರದಿದ್ದರೆ ಎಲ್ಲೋ ಎಡವಿದ್ದೀರಿ.