ಗುರುವಾರದಿಂದ ಬುಧವಾರದವರೆಗೆ

ಗುರುವಾರ ಸಂಜೆ ಆಫರ್ ಲೆಟರ್ ಬಂತು. ಒಟ್ಟು 22 ಲಕ್ಷ. ನನ್ನ ಆಗಿನ ಸಂಬಳ 14 ಲಕ್ಷ. ಸಂತೋಷಕ್ಕೆ ಕೈ ನಡುಗುತ್ತಿತ್ತು. ಆದರೆ ಮೇಲ್‌ನ ಕೊನೆಯಲ್ಲಿ ಎರಡು ಸಾಲು ಇದ್ದವು: ಶನಿವಾರದೊಳಗೆ ಒಪ್ಪಿಗೆ ಕೊಡಬೇಕು, 30 ದಿನದಲ್ಲಿ ಸೇರಬೇಕು. ನನ್ನ ನೋಟಿಸ್ ಪೀರಿಯಡ್ 90 ದಿನ. ಇನ್ನೊಂದು ಕಂಪನಿಯ ಕೊನೆಯ ರೌಂಡ್ ಮುಂದಿನ ಗುರುವಾರಕ್ಕಿತ್ತು.

ರಾತ್ರಿ ಕೂತು ಲೆಟರ್ ಬಿಡಿಸಿ ನೋಡಿದೆ. ಫಿಕ್ಸೆಡ್ 18 ಲಕ್ಷ, ವೇರಿಯಬಲ್ ಎರಡೂವರೆ, ಜಾಯ್ನಿಂಗ್ ಬೋನಸ್ ಒಂದೂವರೆ. ಫಿಕ್ಸೆಡ್ ಅಂದರೂ ಅಷ್ಟೂ ಕೈಗೆ ಬರುವುದಿಲ್ಲ, ಯಾಕಂದ್ರೆ ಕಂಪನಿ ಕಟ್ಟುವ ಪಿಎಫ್ ಮತ್ತು ಗ್ರಾಚ್ಯುಟಿ ಕೂಡ ಅದರೊಳಗೇ ಸೇರಿತ್ತು. ಬೇಸಿಕ್ 9 ಲಕ್ಷ. ಅದರ 12% ಪಿಎಫ್ ಅಂದರೆ 1,08,000, ಗ್ರಾಚ್ಯುಟಿ 4.81% ಅಂದರೆ ಸುಮಾರು 43,000. ಒಂದೂವರೆ ಲಕ್ಷ ಅಲ್ಲೇ ಹೋಯಿತು. ಜಾಯ್ನಿಂಗ್ ಬೋನಸ್ ಒಂದು ಸಲ ಬರುವ ಹಣ, ಅದೂ ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕು ಅಂತ ಬರೆದಿತ್ತು. ಮುಂದಿನ ವರ್ಷದ ಹೈಕ್ ಲೆಕ್ಕ ಆಗುವುದು ಫಿಕ್ಸೆಡ್ ಮೇಲೆ. ನನಗೆ ಬೇಕಾದದ್ದು ಅದೇ.

ಬೆಳಿಗ್ಗೆ ಮೊದಲು ಎರಡನೇ ಕಂಪನಿಯವರಿಗೆ ಫೋನ್ ಮಾಡಿದೆ. "ಕೈಯಲ್ಲಿ ಒಂದು ಆಫರ್ ಇದೆ, ನಿಮ್ಮ ಕೊನೆಯ ರೌಂಡ್ ಸೋಮವಾರ ಆಗಬಹುದಾ ಮೇಡಂ?" ಅಂತ ಕೇಳಿದೆ. ಅರ್ಧ ಗಂಟೆಯಲ್ಲೇ ವಾಪಸ್ ಫೋನ್ ಮಾಡಿ, ಸೋಮವಾರ ಆಗುತ್ತದೆ ಅಂದರು. ಆಮೇಲೆ ಆಫರ್ ಕೊಟ್ಟವರ ಎಚ್‌ಆರ್‌ಗೆ ಇದ್ದದ್ದನ್ನೇ ಹೇಳಿದೆ. ಇನ್ನೊಂದು ಇಂಟರ್‌ವ್ಯೂ ಬಾಕಿ ಇದೆ, ಬುಧವಾರ ಸಂಜೆ ಉತ್ತರ ಕೊಡುತ್ತೇನೆ ಅಂದೆ. ಊರಿಗೆ ಹೋಗಬೇಕು, ಮನೆಯವರನ್ನು ಕೇಳಬೇಕು ಅಂತ ಸುಮ್ನೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬುಧವಾರ ನಾಲ್ಕು ಗಂಟೆ, ಅದರ ಮೇಲೆ ಆಗಲ್ಲ" ಅಂದರು.

ಅದೇ ಕರೆಯಲ್ಲಿ ಸಂಬಳದ ಮಾತೂ ತೆಗೆದೆ. "ಒಟ್ಟು ಮೊತ್ತ 22 ಲಕ್ಷವೇ ಇರಲಿ ಸರ್, ಬೋನಸ್‌ನಿಂದ ಒಂದು ಲಕ್ಷ ತೆಗೆದು ಫಿಕ್ಸೆಡ್‌ಗೆ ಹಾಕಿ." ಒಟ್ಟು ಬದಲಾಗದ ಕಾರಣ ಅವರಿಗೂ ಮೇಲಿನವರ ಹತ್ತಿರ ಕೇಳುವುದು ಸುಲಭವಾಯಿತು ಅನಿಸುತ್ತದೆ. ಸೋಮವಾರ ಹೊಸ ಲೆಟರ್ ಬಂತು: ಫಿಕ್ಸೆಡ್ 19, ಬೋನಸ್ 50,000.

ನೋಟಿಸ್ ವಿಷಯ ಇಷ್ಟು ಸಲೀಸಾಗಿರಲಿಲ್ಲ. "ಬೈಔಟ್ ಮಾಡಿ, ಹಣ ನಾವು ಕೊಡ್ತೀವಿ" ಅಂದರು ಎಚ್‌ಆರ್. ಬೈಔಟ್ ಅಂದರೆ ಉಳಿದ ನೋಟಿಸ್ ದಿನಗಳಿಗೆ ಹಳೆಯ ಕಂಪನಿಗೆ ಹಣ ಕಟ್ಟಿ ಬೇಗ ಹೊರಬರುವುದು. ನಾನು ಹಳೆಯ ಅಪಾಯಿಂಟ್‌ಮೆಂಟ್ ಲೆಟರ್ ಹುಡುಕಿ ತೆಗೆದೆ. ಬೈಔಟ್ ಇದೆ, ಆದರೆ ಕಂಪನಿ ಒಪ್ಪಿದರೆ ಮಾತ್ರ! ಅಂದರೆ ನಾನು ಹಣ ಕಟ್ಟಲು ತಯಾರಿದ್ದರೂ ಮ್ಯಾನೇಜರ್ ಬೇಡ ಅನ್ನಬಹುದು. ರಾಜೀನಾಮೆ ಕೊಡದೆ ಮ್ಯಾನೇಜರ್‌ನ ಕೇಳುವ ಹಾಗಿಲ್ಲ, ಸಹಿ ಆದ ಲೆಟರ್ ಇಲ್ಲದೆ ರಾಜೀನಾಮೆ ಕೊಡುವ ಹಾಗಿಲ್ಲ. 30 ದಿನ ಅಂತ ಒಪ್ಪಿಕೊಂಡಿದ್ದರೆ ನನ್ನ ಕೈಯಲ್ಲಿಲ್ಲದ ದಿನಾಂಕಕ್ಕೆ ಮಾತು ಕೊಟ್ಟ ಹಾಗೆ ಆಗುತ್ತಿತ್ತು, ಅಲ್ವಾ? ಅದಕ್ಕೆ ಎರಡು ವಿಷಯ ಲೆಟರ್‌ನಲ್ಲೇ ಬರೆಸಿಕೊಂಡೆ. ಸೇರುವ ದಿನ 60 ದಿನಕ್ಕೆ, ಹಳೆಯ ಕಂಪನಿ ಬಿಡದಿದ್ದರೆ 90ರವರೆಗೆ ಮುಂದಕ್ಕೆ. ಬೈಔಟ್ ಹಣ 30 ದಿನದವರೆಗೆ ಅವರದು. ಫೋನಿನಲ್ಲಿ ಹೇಳಿದ್ದು ಸಾಲದು ಅಂತ ಮೂರು ಸಲ ಮೇಲ್ ಮಾಡಿದೆ.

ಸೋಮವಾರದ ರೌಂಡ್ ಚೆನ್ನಾಗಿ ಆಯಿತು. ಮಂಗಳವಾರ ಅವರು ಫೋನ್ ಮಾಡಿ 24 ಲಕ್ಷ ಅಂದರು. ಲೆಟರ್ ಯಾವಾಗ ಅಂದರೆ, ಅಪ್ರೂವಲ್ ಆಗಬೇಕು, ಹತ್ತು ದಿನ. ಕನಿಷ್ಠ ಒಂದು ಮೇಲ್‌ನಲ್ಲಿ ಮೊತ್ತ ಬರೆದು ಕಳಿಸಿ ಅಂತ ಕೇಳಿದೆ. ಬುಧವಾರ ಮಧ್ಯಾಹ್ನ ಮೂರರವರೆಗೆ ಕಾದೆ. ಬರಲಿಲ್ಲ. ಮೂರೂವರೆಗೆ ಮೊದಲನೆಯದಕ್ಕೆ ಸಹಿ ಮಾಡಿದೆ, ಐದು ಗಂಟೆಗೆ ಎರಡನೆಯವರಿಗೆ ಫೋನ್ ಮಾಡಿ ತಿಳಿಸಿದೆ.

ಮ್ಯಾನೇಜರ್ 70 ದಿನಕ್ಕೆ ಬಿಡಲು ಒಪ್ಪಿದರು. ಉಳಿದ 20 ದಿನಕ್ಕೆ ಸುಮಾರು 66,000 ರೂಪಾಯಿ ಕೊನೆಯ ಲೆಕ್ಕದಲ್ಲಿ ಹಿಡಿದುಕೊಂಡರು. ಹೊಸ ಕಂಪನಿ ಅಷ್ಟನ್ನೂ ಮೊದಲ ಸಂಬಳದ ಜೊತೆ ಹಾಕಿತು, ಆದರೆ ಅದು ನನ್ನ ಆದಾಯಕ್ಕೆ ಸೇರಿ ತೆರಿಗೆ ಕಳೆದು ಕೈಗೆ ಬಂದದ್ದು ಸುಮಾರು 53,000. ಆ 13,000 ಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸಹಿ ಮಾಡಿ ಎರಡು ವಾರ ಆದ ಮೇಲೆ ಎರಡನೇ ಕಂಪನಿಯ ಲೆಟರ್ ಬಂದೇ ಬಿಟ್ಟಿತು. 24 ಅಲ್ಲ, 23 ಲಕ್ಷ. ಒಂದು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು, ಮಾತು ಕೊಟ್ಟಾಗಿದೆ, ಬರಲಾಗುವುದಿಲ್ಲ ಅಂತ ಬರೆದು ಕಳಿಸಿದೆ.